ಅಂಚೆಗೆ ಪ್ರಾಸ ಹುಡುಕಿದವರು

ನಿವೃತ್ತಿಯ ದಿನ ಓದುವ ಪದ್ಯಗಳನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಹಾರ, ಶಾಲು, ಫಲತಾಂಬೂಲದ ಜೊತೆ ಅದೂ ಒಂದು. ಗಾಜಿನ ಕಟ್ಟು ಹಾಕಿಸಿ ಕೈಗಿತ್ತರೆ ಮುಗಿಯಿತು, ಆಮೇಲೆ ಗೋಡೆಯ ಮೇಲಿನ ಜೇಡ ಮಾತ್ರ ಅದನ್ನು ಓದುತ್ತದೆ. ಕನ್ನಡ ಪಾಠ ಹೇಳುವವಳಾದ ನನಗೂ ಇಂಥ ಬಿನ್ನವತ್ತಳೆಗಳನ್ನು ತಿದ್ದಿಕೊಟ್ಟು ಅಭ್ಯಾಸವಾಗಿದೆ. ಆದರೆ ತೂಬಗೆರೆ ಹೋಬಳಿಯ ಒಂದು ಸಣ್ಣ ಹಳ್ಳಿಯವರು ತಮ್ಮ ಪೋಸ್ಟ್‌ಮ್ಯಾನಿಗೆ ಬರೆದುಕೊಟ್ಟ ಪದ್ಯವೊಂದರ ನಕಲು ನನ್ನ ಬಳಿ ಇದೆ. ಅದನ್ನು ಆಗಾಗ ತೆಗೆದು ಓದುತ್ತೇನೆ. ಕೊನೆಯಲ್ಲಿ 'ಊರ ಸಮಸ್ತರು' ಎಂದು ಸಹಿ ಇದೆ. ಈ ಸಮಸ್ತರಲ್ಲಿ ಯಾರ್ಯಾರು ಇದ್ದಾರೆ ಎಂಬುದೇ ನನ್ನ ಕುತೂಹಲ.

ಪದ್ಯದ ಬಹುಪಾಲು ಬರೆದವರು ಆ ಊರಿನ ಹಳೆಯ ಮೇಷ್ಟ್ರು. ಭಾಮಿನಿ ಷಟ್ಪದಿ ಅವರ ಕೈಗೆ ಚೆನ್ನಾಗಿ ಒಗ್ಗಿದೆ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆ ಎಣಿಸಿ ನೋಡಿ, ಎಲ್ಲೂ ಕುಂಟುವುದಿಲ್ಲ:

ಅಂಚೆ ಚೀಲವ ಹೊತ್ತು ಬಂದಿರಿ
ಹಂಚಿ ಮನೆಮನೆಗೊಂದು ಸುದ್ದಿಯ

ಷಟ್ಪದಿಗೆ ಆದಿಪ್ರಾಸ ಬೇಕು. ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಬೇಕೆಂದು ಶಾಲೆಯಲ್ಲಿ ನೀವೂ ಕಲಿತಿದ್ದೀರಿ. 'ಅಂಚೆ' ಎಂದು ಶುರುಮಾಡಿದವರಿಗೆ ಕನ್ನಡ ಧಾರಾಳವಾಗಿ ಪ್ರಾಸ ಕೊಡುತ್ತದೆ: ಹಂಚಿ, ಸಂಚಿ, ಮುಂಚೆ, ಪಂಚೆ, ಮಿಂಚು, ಕೊಂಚ, ವಂಚನೆ, ಲಂಚ, ಪಿಂಚಣಿ. ಒಬ್ಬ ಹಳ್ಳಿ ಪೋಸ್ಟ್‌ಮ್ಯಾನಿನ ಬದುಕೇ ಈ ಪಟ್ಟಿಯಲ್ಲಿದೆ ಎಂದು ನನಗನ್ನಿಸುತ್ತದೆ. ಮೇಷ್ಟ್ರು ಅದರಿಂದ ಯಾವುದನ್ನು ಆರಿಸಿದರು, ಯಾವುದನ್ನು ಬಿಟ್ಟರು ಎಂಬುದರಲ್ಲಿ ಪದ್ಯದ ಗುಣವೂ ಇದೆ, ದೋಷವೂ ಇದೆ.

ಎರಡನೆಯ ಪದ್ಯದಲ್ಲಿ ಪೋಸ್ಟ್‌ಮ್ಯಾನು ಹಂಸನಾಗುತ್ತಾನೆ. ಇದು ಬರಿಯ ಅಲಂಕಾರವಲ್ಲ. ತತ್ಸಮ-ತದ್ಭವದ ಪಟ್ಟಿಯಲ್ಲಿ 'ಹಂಸ – ಅಂಚೆ' ಎಂದು ನಾವೆಲ್ಲ ಬಾಯಿಪಾಠ ಮಾಡಿದವರು. ದಮಯಂತಿಗೆ ನಳನ ಮಾತು ತಂದದ್ದೂ ಹಂಸವೇ. ಮೈಸೂರು ಸಂಸ್ಥಾನದ ಅಂಚೆ 1889ರಲ್ಲಿ ಬ್ರಿಟಿಷರ ಇಲಾಖೆಯೊಳಗೆ ಸೇರಿಹೋದರೂ ಆ ಹೆಸರು ನಮ್ಮಲ್ಲೇ ಉಳಿಯಿತು. ಹಾಗಾಗಿ ಮೇಷ್ಟ್ರ ಹೋಲಿಕೆ ಜಾಣತನದ್ದು, ಆದರೆ ತಣ್ಣಗಿದೆ. ಹಂಸಕ್ಕೆ ಬೆವರು ಬರುವುದಿಲ್ಲ, ಅದರ ಸೈಕಲ್ಲಿನ ಚೈನು ಕಳಚುವುದಿಲ್ಲ.

ಮೂರನೆಯ ಪದ್ಯ ತರುವುದು ಶುಭವಾರ್ತೆಯನ್ನು. ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ, ಬಾಣಂತನದ ಸುದ್ದಿ, ಕೆಲಸದ ಆರ್ಡರು, ಎಲ್ಲ ಬಂದಿವೆ. ಮೂಲೆ ಹರಿದ ಕಾರ್ಡು ಮಾತ್ರ ಬಂದಿಲ್ಲ. ಸಾವಿನ ಸುದ್ದಿಯ ಕಾರ್ಡಿಗೆ ಒಂದು ಮೂಲೆ ಹರಿದಿರುತ್ತಿದ್ದರು, ಓದಿದ ಮೇಲೆ ಅದನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಅಕ್ಷರ ಬಾರದವರಿಗೂ ಆ ಮೂಲೆಯನ್ನು ಓದಲು ಬರುತ್ತಿತ್ತು. ಅಂಥ ಕಾರ್ಡು ಹಿಡಿದು ಒಂದು ಮನೆಯ ಮುಂದೆ ನಿಲ್ಲುವುದು ಆತನ ಕೆಲಸದಲ್ಲಿ ಅತಿ ಕಷ್ಟದ್ದಾಗಿತ್ತೇನೋ. ಸಮಾರಂಭದಲ್ಲಿ ಅಮಂಗಳ ಬೇಡವೆಂದು ಬಿಟ್ಟಿದ್ದಾರೆ. ಸಂಪ್ರದಾಯಕ್ಕೆ ಅದು ಸರಿ, ಪದ್ಯಕ್ಕೆ ನಷ್ಟ.

ಇಷ್ಟೇ ಆಗಿದ್ದರೆ ಈ ನಕಲು ನನ್ನ ಪೆಟ್ಟಿಗೆಯಲ್ಲಿ ಉಳಿಯುತ್ತಿರಲಿಲ್ಲ. ನಾಲ್ಕನೆಯದಾಗಿ ಷಟ್ಪದಿಯೇ ಅಲ್ಲದ ಎರಡು ಸಾಲುಗಳಿವೆ:

ಓದಿ ಹೇಳಿದೆ ಅಣ್ಣ, ಹೇಳಿ ಮರೆತೆ
ನಮ್ಮನೆ ಮಾತು ನಿನ್ನ ಚೀಲದಾಗೇ ಉಳೀತು

ಇವು ಹೆಂಗಸರ ಮಾತು, ಹೆಂಗಸರೇ ಹಟಮಾಡಿ ಸೇರಿಸಿದ್ದಂತೆ. ಪದ್ಯದುದ್ದಕ್ಕೂ 'ಬಂದಿರಿ, ತಂದಿರಿ' ಎಂದಿದ್ದದ್ದು ಇಲ್ಲಿ ಇದ್ದಕ್ಕಿದ್ದಂತೆ 'ನೀನು' ಆಗುತ್ತದೆ. ಮೇಷ್ಟ್ರಿಗೆ ಇದು ಮರ್ಯಾದೆಗೇಡಾಗಿ ಕಂಡಿರಬಹುದು. ನಮ್ಮ ಕಡೆ ಹೆಣ್ಣುಮಕ್ಕಳು ಒಡಹುಟ್ಟಿದ ಅಣ್ಣನನ್ನು 'ನೀನು' ಎನ್ನುತ್ತಾರೆ, ಬಹುವಚನ ಇಡುವುದು ಹೊರಗಿನವರಿಗೆ.

ಆ ಊರಿನಿಂದ ಗಂಡಸರು ದೊಡ್ಡಬಳ್ಳಾಪುರದ ಮಗ್ಗಕ್ಕೋ ಬೆಂಗಳೂರಿನ ಕಾರ್ಖಾನೆಗೋ ಹೋದರೆ ಕಾಗದ ಬರುತ್ತಿದ್ದುದು ಓದಲು ಬಾರದ ಹೆಂಡತಿಗೆ, ತಾಯಿಗೆ. ಮನಿಯಾರ್ಡರಿನ ತುದಿಯಲ್ಲಿ ನಾಲ್ಕು ಸಾಲು ಬರೆಯುವಷ್ಟು ಕೂಪನ್ ಇರುತ್ತಿತ್ತು. ಹಣ ಎಣಿಸಿಕೊಟ್ಟು, ಹೆಬ್ಬೆಟ್ಟು ಒತ್ತಿಸಿ, ಅದಕ್ಕೊಬ್ಬರ ಸಾಕ್ಷಿ ಸಹಿ ಹಾಕಿಸಿ, ಕೂಪನ್ ಹರಿದು ಓದಿ ಹೇಳುವುದು ಪೋಸ್ಟ್‌ಮ್ಯಾನು. ಈ ತಿಂಗಳು ಯಾಕೆ ಕಡಿಮೆ ಬಂತು, ಯಾರ ಮಗ ಮೂರು ತಿಂಗಳಿಂದ ಕಳಿಸಿಲ್ಲ, ಯಾರು ಅಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂಬುದೆಲ್ಲ ಊರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ಒಬ್ಬಳು ಆ ಹೆಂಗಸು, ಇನ್ನೊಬ್ಬ ಅವನು. ಓದಿ ಹೇಳುವುದು ಇಲಾಖೆಯ ಸುತ್ತೋಲೆಗಿಂತ ದೊಡ್ಡ ಕೆಲಸ. ಹೇಳಿ ಮರೆಯುವುದು ಅದಕ್ಕಿಂತಲೂ ದೊಡ್ಡದು. ಹಳೆಯ ಮನಿಯಾರ್ಡರ್ ಪದ್ಧತಿ 2015ರಲ್ಲಿ ನಿಂತಿತು. ಈಗ ದುಡ್ಡು ಖಾತೆಗೆ ಬೀಳುತ್ತದೆ, ಅದರ ಜೊತೆಗೆ ನಾಲ್ಕು ಸಾಲು ಬರುವುದಿಲ್ಲ.

2020ರಲ್ಲಿ ನಿವೃತ್ತರಾದ ಕೂನೂರಿನ ಪೋಸ್ಟ್‌ಮ್ಯಾನ್ ಡಿ. ಶಿವನ್ ಅವರ ಸುದ್ದಿ ನೀವೂ ಓದಿರಬಹುದು. ದಿನಕ್ಕೆ 15 ಕಿಲೋಮೀಟರ್ ನೀಲಗಿರಿಯ ಕಾಡಿನಲ್ಲಿ ಆನೆ, ಕರಡಿಗಳ ನಡುವೆ ನಡೆದವರು. ದೇಶವೆಲ್ಲ ಹೊಗಳಿತು. ಹೊಗಳಬೇಕಾದದ್ದೇ. ಆದರೆ ದೂರದವರ ಹೊಗಳಿಕೆ ಕಾಲನ್ನೇ ನೋಡುತ್ತದೆ, ಆನೆಯನ್ನು ನೋಡುತ್ತದೆ. ಮೇಷ್ಟ್ರ ಷಟ್ಪದಿಯೂ ಚೀಲ, ಮಳೆ, ಬಿಸಿಲು ಎಂದೇ ನಡೆಯುತ್ತದೆ. ಆತ ಬಾಯಿ ಮುಚ್ಚಿಕೊಂಡಿದ್ದನ್ನು ಹೊಗಳಲು ಕಾಗದ ಪಡೆದವರೇ ಬೇಕಾಯಿತು.

ಇನ್ನು ಕೊನೆಯ ಪದ್ಯ. ಅಲ್ಲಿ ಮತ್ತೆ ಅಂಚೆಯ ಪ್ರಾಸ:

ವಂಚನೆಯನರಿಯದಿಹ ಹೃದಯವು
ಪಿಂಚಣಿಯ ಸುಖ ನಿಮಗೆ ಲಭಿಸಲಿ

ಮೊದಲ ಸಾಲಿನ ಬಗ್ಗೆ ತಕರಾರಿಲ್ಲ. ಮನಿಯಾರ್ಡರ್ ಕೊಟ್ಟಾಗ ಹೆಂಗಸರು ಆತನ ಕೈಗೆ ಚಿಲ್ಲರೆ ಇಡುತ್ತಿದ್ದರು, ಅದನ್ನು ಯಾರೂ ಲಂಚವೆಂದು ಕರೆಯಲಿಲ್ಲ, ಮಜ್ಜಿಗೆಯಂತೆ ಅದೂ ಒಂದು. ಎರಡನೆಯ ಸಾಲಿನಲ್ಲಿ ನನ್ನ ಕಣ್ಣು ತಡೆಯುತ್ತದೆ. ಅದು ನಿಜವಲ್ಲ.

ಹಳ್ಳಿಯ ಬ್ರ್ಯಾಂಚ್ ಪೋಸ್ಟಾಫೀಸಿನಲ್ಲಿ ಕಾಗದ ಹಂಚುವವರು ಸಾಮಾನ್ಯವಾಗಿ ಕಾಯಂ ನೌಕರರಲ್ಲ. ಮೊದಲು ಅವರನ್ನು 'ಎಕ್ಸ್‌ಟ್ರಾ ಡಿಪಾರ್ಟ್‌ಮೆಂಟಲ್' ಎನ್ನುತ್ತಿದ್ದರು, ಈಗ 'ಗ್ರಾಮೀಣ ಡಾಕ್ ಸೇವಕ್' ಎನ್ನುತ್ತಾರೆ. ದಿನದ ಕೆಲವು ಗಂಟೆಗಳ ಲೆಕ್ಕದಲ್ಲಿ ಭತ್ಯೆ, 65 ವರ್ಷದ ತನಕ ಕೆಲಸ. ಕೇರಳದ ಪಿ.ಕೆ. ರಾಜಮ್ಮ ಎಂಬುವರ ಮೊಕದ್ದಮೆಯಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು ಇವರದೂ ಸರ್ಕಾರದ ಹುದ್ದೆಯೇ ಎಂದು ಹೇಳಿತು. ಹುದ್ದೆ ಎಂದಾಯಿತು, ಆದರೆ ಕಾಯಂ ಪೋಸ್ಟ್‌ಮ್ಯಾನಿಗೆ ಸಿಗುವ ತಿಂಗಳ ಪಿಂಚಣಿ ಇವರಿಗೆ ಬರಲಿಲ್ಲ. ಬಿಡುವಾಗ ಒಂದು ಗಂಟು ಗ್ರಾಚ್ಯುಟಿ, ಇತ್ತೀಚಿನ ವರ್ಷಗಳಲ್ಲಿ ಅದರ ಜೊತೆಗೊಂದು ಉಳಿತಾಯದ ಯೋಜನೆ. ಈ ಪದ್ಯ ಪಡೆದವರೂ ಅಂಥವರೇ. ದಶಕಗಟ್ಟಲೆ ಊರಿನ ಮುದುಕರಿಗೆಲ್ಲ ವೃದ್ಧಾಪ್ಯ ವೇತನ ಹಂಚಿದ ಕೈಗೆ ತನ್ನದೇ ಪಿಂಚಣಿ ಇರಲಿಲ್ಲ. ಊರಿಗೆ ಇದು ಗೊತ್ತಿರಲಿಲ್ಲ. ಖಾಕಿ ಶರ್ಟು, ಸೀಲು, ಚೀಲ ಕಂಡವರು ಸರ್ಕಾರಿ ನೌಕರನೆಂದೇ ತಿಳಿದಿದ್ದರು. ಎಲ್ಲರ ಕಾಗದ ಓದಿ ಮರೆತವನು ತನ್ನ ವಿಷಯವನ್ನೂ ಹೇಳಿಕೊಂಡಿರಲಿಲ್ಲ.

ಪ್ರಾಸ ಸಿಕ್ಕಿತೆಂದು ಮೇಷ್ಟ್ರು ಪಿಂಚಣಿ ತಂದರು. ಅದೇ ಪಟ್ಟಿಯಲ್ಲಿ 'ಕೊಂಚ' ಎಂಬ ಮಾತೂ ಇತ್ತು. 'ಕೊಂಚ ಕೂಲಿಗೆ ಬಿಸಿಲ ತುಳಿದಿರಿ' ಎಂದಿದ್ದರೂ ಮಾತ್ರೆ ಹದಿನಾಲ್ಕೇ ಆಗುತ್ತಿತ್ತು. ವೇದಿಕೆಯ ಮೇಲೆ ಇಲಾಖೆಯ ಸಾಹೇಬರು ಕೂತಿರುವಾಗ ಅದನ್ನು ಓದಲು ಆಗುತ್ತಿತ್ತೇ ಎಂಬುದು ಬೇರೆ ಮಾತು. ನನ್ನ ನಕಲಿನಲ್ಲಿ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಇದನ್ನು ಬರೆದಿಟ್ಟಿದ್ದೇನೆ.