ಕಡ್ಡಾಯ ಮತದಾನದ ಪರ: ಒಂದು ಆರಂಭಿಕ ಭಾಷಣದ ಗಟ್ಟಿ, ಟೊಳ್ಳು

ಶಂಕರನಾರಾಯಣದ ಪ್ರೌಢಶಾಲೆಯೊಂದರ ಚರ್ಚಾ ಸ್ಪರ್ಧೆಯಲ್ಲಿ ‘ಮತದಾನ ಕಡ್ಡಾಯವಾಗಬೇಕು’ ಎಂಬ ವಿಷಯದ ಪರ ಮೊದಲು ಮಾತಾಡಿದವಳು ಹತ್ತನೇ ತರಗತಿಯ ಹುಡುಗಿ. ಇಂಥ ವಿಷಯ ಸಿಕ್ಕರೆ ಮಕ್ಕಳು ಸಾಮಾನ್ಯವಾಗಿ ಅರ್ಧ ಸಮಯವನ್ನು ಪ್ರಜಾಪ್ರಭುತ್ವದ ಹೊಗಳಿಕೆಗೇ ಕೊಟ್ಟುಬಿಡುತ್ತಾರೆ. ಈಕೆ ಹಾಗೆ ಮಾಡಲಿಲ್ಲ. ಅಧ್ಯಕ್ಷರಿಗೆ, ತೀರ್ಪುಗಾರರಿಗೆ ವಂದಿಸಿದವಳೇ ಕಡ್ಡಾಯ ಯಾವುದು, ಯಾವುದಲ್ಲ ಎಂದು ಗೆರೆ ಎಳೆದಳು. ಮತಗಟ್ಟೆಗೆ ಬರುವುದಷ್ಟೇ ಕಡ್ಡಾಯ. ಯಾರಿಗೂ ಮತ ಹಾಕಲು ಮನಸ್ಸಿಲ್ಲದವರಿಗೆ 2013ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದ ‘ನೋಟಾ’ ಗುಂಡಿ ಇದೆ, ಒತ್ತಿದ್ದು ಯಾವುದೆಂದು ಯಾರಿಗೂ ತಿಳಿಯುವುದಿಲ್ಲ ಎಂದಳು. ‘ಒತ್ತಾಯದಿಂದ ಮತ ಹಾಕಿಸುವುದು ಸ್ವಾತಂತ್ರ್ಯಹರಣ’ ಎಂದು ಬರೆದುಕೊಂಡು ಬಂದಿದ್ದ ಎದುರಾಳಿಯ ಅರ್ಧ ವಾದ ಅಲ್ಲೇ ಮೊಂಡಾಯಿತು. ಪರ ವಹಿಸುವವರ ಮೊದಲ ಮಾತಿನ ಮುಖ್ಯ ಕೆಲಸವೇ ಇದು.

ಎರಡನೆಯ ಹೆಜ್ಜೆಯೂ ಸರಿಯಾಗಿತ್ತು. ಕಡ್ಡಾಯ ಮತದಾನ ಕರ್ನಾಟಕಕ್ಕೆ ಹೊಸದಲ್ಲ, 2015ರಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ಬಂದ ತಿದ್ದುಪಡಿಯಲ್ಲೇ ಅದು ಇದೆ ಎಂದು ಆಕೆ ನೆನಪಿಸಿದಳು. ಸಭೆಯಲ್ಲಿದ್ದ ಹಿರಿಯರಿಗೂ ಇದು ಹೊಸ ಸುದ್ದಿಯಾಗಿರಬಹುದು. ಆದರೆ ಅಷ್ಟು ಹೇಳಿ ಆಕೆ ಮುಂದೆ ಹೋಗಿಬಿಟ್ಟಳು. ಆ ತಿದ್ದುಪಡಿ ಮತ ಹಾಕದವರಿಗೆ ಯಾವ ದಂಡವನ್ನೂ ಹೇಳುವುದಿಲ್ಲ; ಹಾಗಾಗಿ ಕಾನೂನು ಇದ್ದದ್ದೇ ಊರಿಗೆ ಗೊತ್ತಾಗಲಿಲ್ಲ. ಗುಜರಾತ್ ಸ್ಥಳೀಯ ಚುನಾವಣೆಗೆ ನೂರು ರೂಪಾಯಿ ದಂಡದ ನಿಯಮ ಮಾಡಿತು, ಅದೇ 2015ರಲ್ಲಿ ಅಲ್ಲಿನ ಹೈಕೋರ್ಟ್ ಕಡ್ಡಾಯಕ್ಕೆ ತಡೆಯಾಜ್ಞೆ ಕೊಟ್ಟಿತು. ಒಂದು ಕಡೆ ದಂಡವಿಲ್ಲದೆ ಕಾನೂನು ಮಲಗಿತು, ಇನ್ನೊಂದು ಕಡೆ ದಂಡ ಇಟ್ಟದ್ದು ಕೋರ್ಟಿನಲ್ಲಿ ನಿಂತಿತು. ಹಾಗಾದರೆ ನೀವು ಕೇಳುತ್ತಿರುವ ಕಡ್ಡಾಯ ಯಾವ ಬಗೆಯದು? ಭಾಷಣ ಇದಕ್ಕೆ ಉತ್ತರ ಕೊಡಲಿಲ್ಲ. ಎದುರು ಪಕ್ಷದವರು ಖಂಡನೆಯ ಸುತ್ತಿನಲ್ಲಿ ಇದನ್ನೇ ಹಿಡಿದರು.

ಭಾಷಣದ ನಿಜವಾದ ಟೊಳ್ಳು ಅಂಕಿಯಲ್ಲಿತ್ತು. 2024ರ ಲೋಕಸಭಾ ಚುನಾವಣೆಯಲ್ಲಿ ಉಡುಪಿ–ಚಿಕ್ಕಮಗಳೂರಿನಲ್ಲಿ ಸುಮಾರು ಶೇ. 77, ಬೆಂಗಳೂರು ದಕ್ಷಿಣದಲ್ಲಿ ಸುಮಾರು ಶೇ. 53 ಮತದಾನವಾಯಿತು. ಇದನ್ನು ಹೇಳಿ ‘ನಗರದವರು ಸೋಮಾರಿಗಳು’ ಎಂದಾಗ ಚಪ್ಪಾಳೆ ಬಿತ್ತು. ಆದರೆ ಶೇಕಡಾವಾರು ಲೆಕ್ಕ ನಿಂತಿರುವುದು ಮತದಾರರ ಪಟ್ಟಿಯ ಮೇಲೆ. ಒಂದು ಮತಗಟ್ಟೆಯ ಪಟ್ಟಿಯಲ್ಲಿ 1000 ಹೆಸರಿದ್ದು 530 ಜನ ಮತ ಹಾಕಿದರೆ ಶೇ. 53. ಆ ಸಾವಿರದಲ್ಲಿ 150 ಮಂದಿ ಮನೆ ಬದಲಿಸಿದವರು, ತೀರಿಕೊಂಡವರು, ಎರಡು ಕಡೆ ಹೆಸರಿರುವವರು ಎಂದಿಟ್ಟುಕೊಳ್ಳಿ. ಉಳಿದ 850ರಲ್ಲಿ 530 ಅಂದರೆ ಶೇ. 62. ಮತದಾರರು ಬದಲಾಗಲಿಲ್ಲ, ಪಟ್ಟಿ ತೊಳೆದದ್ದಕ್ಕೇ ಒಂಬತ್ತು ಅಂಶ ಏರಿತು. ಬಾಡಿಗೆ ಮನೆ ಬದಲಿಸುತ್ತಲೇ ಇರುವ ನಗರದಲ್ಲಿ ಪಟ್ಟಿಯ ದೋಷ ಹಳ್ಳಿಗಿಂತ ಹೆಚ್ಚಿರುವುದು ಸಹಜ. ಈ ಪಟ್ಟಿ ಹಿಡಿದು ದಂಡ ಹಾಕಹೊರಟರೆ ಮೊದಲ ನೋಟಿಸು ಹೋಗುವುದು ಸತ್ತವರ ವಿಳಾಸಕ್ಕೆ.

ಈ ಊರಿನ ಮಟ್ಟಿಗೆ ಇನ್ನೊಂದು ಮಾತಿದೆ. ಇಲ್ಲಿನ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರು, ಮುಂಬಯಿಗಳ ಹೋಟೆಲು, ಬೇಕರಿಗಳಲ್ಲಿದ್ದಾರೆ. ಹೆಸರು ಮಾತ್ರ ಊರಿನ ಪಟ್ಟಿಯಲ್ಲಿದೆ. ಎದುರಾಳಿ ಹುಡುಗ ‘ಬೊಂಬಾಯಿಂದ ಒಂದ್ ದಿನಕ್ ಬಪ್ಪುಕೆ ಆತಿಲ್ಲೆ’ ಎಂದಾಗ ಸಭೆ ನಕ್ಕಿತು, ವಾದವೂ ವಾಲಿತು. ಮೊದಲ ಭಾಷಣವೇ ಇದನ್ನು ಎತ್ತಿಕೊಂಡು ತಿರುಗಿಸಬಹುದಿತ್ತು. ಮತ ಹಾಕುವುದು ಪ್ರಜೆಯ ಹೊಣೆಯಾದ ದಿನ, ಹಾಕಲು ದಾರಿ ಮಾಡಿಕೊಡುವುದು ಸರಕಾರದ ಹೊಣೆಯಾಗುತ್ತದೆ. ಇವತ್ತು ಅಂಚೆ ಮತ ಸಿಗುವುದು ಸೈನಿಕರು, ಚುನಾವಣಾ ಸಿಬ್ಬಂದಿ ಮೊದಲಾದ ಕೆಲವರಿಗೆ ಮಾತ್ರ. ದೂರದ ಊರಲ್ಲಿ ದುಡಿಯುವ ಸಪ್ಲೈಯರ್‌ಗೆ ಇಲ್ಲ. ಕಡ್ಡಾಯ ಬಂದರೆ ಅವನಿಗೂ ಕೊಡಲೇಬೇಕಾಗುತ್ತದೆ ಎಂಬುದು ಪರ ವಾದದ ಅತಿ ಬಲವಾದ ಅಂಶ. ಅದನ್ನು ಎದುರು ಪಕ್ಷಕ್ಕೆ ಬಿಟ್ಟುಕೊಟ್ಟದ್ದು ನಷ್ಟ.

ಆಸ್ಟ್ರೇಲಿಯಾದ ಉದಾಹರಣೆಯನ್ನು ಎಲ್ಲರಂತೆ ಈಕೆಯೂ ಕೊಟ್ಟಳು: 1922ರಲ್ಲಿ ಶೇ. 60ಕ್ಕಿಂತ ಕಡಿಮೆಯಿದ್ದ ಮತದಾನ, 1924ರ ಕಾನೂನಿನ ನಂತರ 1925ರಲ್ಲಿ ಶೇ. 91 ದಾಟಿತು. ಅಲ್ಲಿ ಮತದಾನ ಶನಿವಾರ ನಡೆಯುತ್ತದೆ, ಅವಧಿಗೆ ಮುಂಚೆಯೂ ಅಂಚೆಯಲ್ಲೂ ಮತ ಹಾಕಬಹುದು, ಸರಿಯಾದ ಕಾರಣ ಕೊಟ್ಟರೆ 20 ಡಾಲರ್ ದಂಡವೂ ಇಲ್ಲ ಎಂಬ ಭಾಗ ಬಿಟ್ಟುಹೋಯಿತು. ದಂಡ ನೆನಪಿರುವ ನಮಗೆ ಈ ಅನುಕೂಲಗಳು ನೆನಪಿರುವುದಿಲ್ಲ.

ಮಂಡನೆಗೂ ಭಾಷೆಗೂ ಈ ಹುಡುಗಿಗೆ ಹೆಚ್ಚು ಅಂಕ ಕೊಡಬೇಕು, ವಿಷಯಕ್ಕೆ ಅರ್ಧ. ಆಸ್ಟ್ರೇಲಿಯಾಕ್ಕೆ ಕೊಟ್ಟ ಸಮಯವನ್ನು ಆಕೆ ಪಟ್ಟಿ ಸರಿಪಡಿಸಿ, ಅಂಚೆ ಮತ ಕೊಟ್ಟು, ಆಮೇಲೆ ದಂಡ ಎಂಬ ಕ್ರಮವನ್ನು ಹೇಳಲು ಬಳಸಿದ್ದರೆ, ಎದುರು ಪಕ್ಷಕ್ಕೆ ಖಂಡಿಸಲು ಹೆಚ್ಚೇನೂ ಉಳಿಯುತ್ತಿರಲಿಲ್ಲ.