ಹನ್ನೊಂದು ಜನರ ಇಸಿಜಿ

ಬಾಸ್ಟನ್ನಿನ ಲೂಯಿ ವುಲ್ಫ್, ಪಾಲ್ ವೈಟ್ ಮತ್ತು ಲಂಡನ್ನಿನ ಜಾನ್ ಪಾರ್ಕಿನ್ಸನ್ 1930ರಲ್ಲಿ ಪ್ರಕಟಿಸಿದ ಪ್ರಬಂಧ ಹನ್ನೊಂದು ಜನರನ್ನು ಕುರಿತದ್ದು. ಎಲ್ಲರೂ ಆರೋಗ್ಯವಂತರಾಗಿ ಕಾಣುತ್ತಿದ್ದರು, ಆದರೆ ಆಗಾಗ ಎದೆಬಡಿತ ಇದ್ದಕ್ಕಿದ್ದಂತೆ ಓಟಕ್ಕೆ ಬೀಳುತ್ತಿತ್ತು. ಬಡಿತ ಸಹಜವಾಗಿದ್ದಾಗಲೂ ಅವರ ಇಸಿಜಿ ವಿಚಿತ್ರವಾಗಿತ್ತು: ಪಿಆರ್ ಅಂತರ ಗಿಡ್ಡ, ಕ್ಯುಆರ್‌ಎಸ್ ಅಗಲ. ಮೊದಲ ರೋಗಿ ವ್ಯಾಯಾಮ ಶಿಕ್ಷಕ. ಅವನು ವ್ಯಾಯಾಮ ಮಾಡಿದಾಗ ಗೆರೆ ಸಹಜಕ್ಕೆ ಮರಳಿತು. ಇದನ್ನು ಗಮನಿಸಿ ದಾಖಲಿಸಿದ್ದೇ ಪ್ರಬಂಧದ ದೊಡ್ಡ ಗುಣ.

ಅರ್ಥ ಹೇಳುವಲ್ಲಿ ಮಾತ್ರ ಅವರು ಎಡವಿದರು. ಹೃದಯದ ಒಳಗಿನ ವಿದ್ಯುತ್ ಕವಲೊಂದು ಕೆಟ್ಟಿದೆ ಎಂದುಕೊಂಡರು. ನಿಜಕ್ಕೂ ಅಲ್ಲಿ ಏನೂ ಕೆಟ್ಟಿರಲಿಲ್ಲ, ಒಂದು ದಾರಿ ಹೆಚ್ಚಾಗಿತ್ತು. ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ವಿದ್ಯುತ್ ದಾಟಲು ಎವಿ ನೋಡ್ ಒಂದೇ ಬಾಗಿಲು, ಅದು ಪ್ರತಿ ಸಂಕೇತವನ್ನೂ ಕೊಂಚ ತಡೆದು ಬಿಡುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ಕವಾಟದ ಉಂಗುರವನ್ನು ದಾಟಿದ ಸ್ನಾಯುವಿನ ಸಣ್ಣ ಎಳೆ ಉಳಿದಿರುತ್ತದೆ. ಅದಕ್ಕೆ ತಡೆಯುವ ಗುಣವಿಲ್ಲ. ಹಾಗಾಗಿ ಕೆಳಕೋಣೆಯ ಒಂದು ಭಾಗ ಮೊದಲೇ ಎಚ್ಚೆತ್ತು, ಕ್ಯುಆರ್‌ಎಸ್‌ನ ಬುಡದಲ್ಲಿ ಡೆಲ್ಟಾ ಅಲೆ ಎಂಬ ಇಳಿಜಾರು ಮೂಡುತ್ತದೆ. ವ್ಯಾಯಾಮದಲ್ಲಿ ಎವಿ ನೋಡ್ ಚುರುಕಾಗಿ ಓಟದಲ್ಲಿ ಗೆದ್ದುಬಿಟ್ಟರೆ ಅದು ಮರೆಯಾಗಬಹುದು. ಮೆಲ್ಲಗೆ ಮರೆಯಾದರೆ ಎಳೆಯ ಬಲದ ಬಗ್ಗೆ ಏನೂ ತಿಳಿಯದು. ಒಂದೇ ಬಡಿತದಲ್ಲಿ ತಟ್ಟನೆ ಮಾಯವಾದರೆ ಮಾತ್ರ ಎಳೆ ದುರ್ಬಲ, ಅಪಾಯ ಕಡಿಮೆ ಎನ್ನಬಹುದು.

ಪ್ರಬಂಧದ ಸಮಾಧಾನದ ಧಾಟಿಯನ್ನು ಇಂದು ಒಪ್ಪಲಾಗದು. ಈ ಎಳೆ ಇದ್ದವರಿಗೆ ಹೃತ್ಕರ್ಣ ಕಂಪನ ಬಂದರೆ, ಎವಿ ನೋಡ್ ತಡೆಯುತ್ತಿದ್ದ ನೂರಾರು ಸಂಕೇತಗಳು ಎಳೆಯ ಮೂಲಕ ನೇರ ಕೆಳಕ್ಕೆ ನುಗ್ಗುತ್ತವೆ. ಆಗ ಇಸಿಜಿಯಲ್ಲಿ ಅಗಲವಾದ, ಲಯವಿಲ್ಲದ, ಅತಿವೇಗದ ಬಡಿತ ಕಾಣುತ್ತದೆ. ಎರಡು ಬಡಿತಗಳ ನಡುವಿನ ಕನಿಷ್ಠ ಅಂತರ 250 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಆ ವೇಗ ನಿಮಿಷಕ್ಕೆ 240 ದಾಟಿದಂತೆ. ಅಲ್ಲಿಂದ ಹೃತ್ಕುಕ್ಷಿ ಕಂಪನಕ್ಕೆ, ಸಾವಿಗೆ ದೂರವಿಲ್ಲ. ಇಂಥ ಸಾವು ಅಪರೂಪವೇ, ಆದರೆ ಅದು ಎಳೆಯರದ್ದು. ಈ ಹೊತ್ತಿನಲ್ಲಿ ವೆರಾಪಮಿಲ್ ಚುಚ್ಚಿದರೆ ಎಳೆಯ ಹರಿವು ಇನ್ನಷ್ಟು ಹೆಚ್ಚಬಹುದು. ರಕ್ತದೊತ್ತಡ ಕುಸಿದಿದ್ದರೆ ವಿದ್ಯುತ್ ಆಘಾತವೇ ಸರಿಯಾದ ಚಿಕಿತ್ಸೆ.

ತೊಂದರೆ ಒಂದೇ ಎಳೆಯಲ್ಲಿರುವುದರಿಂದಲೇ ಅಬ್ಲೇಷನ್ ಅದನ್ನು ಬೇರಿನಿಂದ ಕೀಳುತ್ತದೆ. ತೊಡೆಸಂದಿನ ರಕ್ತನಾಳದಿಂದ ಕ್ಯಾಥೆಟರ್ ಏರಿಸಿ, ಉಂಗುರದ ಸುತ್ತ ಮೇಲಿನ ಮತ್ತು ಕೆಳಗಿನ ಸಂಕೇತಗಳು ಕೂಡಿಕೊಂಡಂತಿರುವ ಜಾಗ ಹುಡುಕಿ ಬಿಸಿ ಮಾಡುತ್ತಾರೆ. ಸರಿಯಾದ ಬಿಂದುವಾದರೆ ಕೆಲವೇ ಸೆಕೆಂಡುಗಳಲ್ಲಿ ಡೆಲ್ಟಾ ಅಲೆ ಅಳಿಯುತ್ತದೆ. ಸುಟ್ಟ ಸ್ನಾಯು ಮತ್ತೆ ಬೆಳೆಯದು. 1991ರಲ್ಲಿ ಜಾಕ್‌ಮನ್ ತಂಡ 166 ರೋಗಿಗಳಲ್ಲಿ 164 ಮಂದಿಯ ಎಳೆಯನ್ನು ಹೀಗೆ ನಿಲ್ಲಿಸಿತು. ಅರ್ಧಂಬರ್ಧ ಸುಟ್ಟ ಎಳೆ ಕೆಲವರಲ್ಲಿ ಮತ್ತೆ ಚೇತರಿಸಿಕೊಳ್ಳುವುದುಂಟು. ಎಳೆ ಎವಿ ನೋಡ್‌ನ ಪಕ್ಕದಲ್ಲಿದ್ದರೆ ನೋಡ್ ಕೂಡ ಸುಟ್ಟು ಪೇಸ್‌ಮೇಕರ್ ಬೇಕಾಗಬಹುದು, ಅಲ್ಲಿ ಬಿಸಿಗಿಂತ ಶೀತದ ಕ್ಯಾಥೆಟರ್ ಕ್ಷೇಮ.

ನಿಮ್ಮ ಇಸಿಜಿಯಲ್ಲಿ ಡೆಲ್ಟಾ ಅಲೆ ಇದೆಯೆಂದು ವೈದ್ಯರು ಹೇಳಿದ್ದರೆ, ತೊಂದರೆ ಇರಲಿ ಬಿಡಲಿ, ಹೃದಯದ ವಿದ್ಯುತ್ ತಜ್ಞರನ್ನು ಒಮ್ಮೆ ಕಾಣಿ. ಆ ಇಸಿಜಿಯ ಪ್ರತಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಿ.