ನೀರು ಬಂದ ದಾರಿ

ಇಂದಿರಾನಗರದ ಆ ಮನೆಯ ತಾರಸಿ ಹತ್ತಿದಾಗ ಮಾಲೀಕರು ಒಂದು ಮೂಲೆಯಲ್ಲಿ, ಗುತ್ತಿಗೆದಾರರು ಇನ್ನೊಂದು ಮೂಲೆಯಲ್ಲಿ ನಿಂತಿದ್ದರು. "ದುಡ್ಡು ತಗೊಂಡು ಬರೀ ಬಣ್ಣ ಬಳಿದು ಹೋಗಿದ್ದಾರೆ ಸಾರ್, ನೀವೇ ನೋಡಿ" ಅಂದರು ಒಬ್ಬರು. "ನಾವು ಮಾಡಿದ ಕೋಟಿಂಗ್‌ಗೆ ಇವರೇ ಡ್ರಿಲ್ ಹೊಡೆಸಿದ್ದಾರೆ ಸಾರ್" ಅಂದರು ಇನ್ನೊಬ್ಬರು. ಇಬ್ಬರು ಹೇಳಿದ್ದೂ ನಿಜವೇ ಆಗಿತ್ತು. ಆದರೆ ಎಷ್ಟು ನಿಜ, ಯಾವ ಕೋಣೆಯ ಮಟ್ಟಿಗೆ ನಿಜ ಎಂದು ತಿಳಿಯಲು ಒಂಬತ್ತು ದಿನ ಹಿಡಿಯಿತು.

ದಾವೆ ಮೇಯೋ ಹಾಲ್‌ನ ಸಿವಿಲ್ ಕೋರ್ಟಿನಲ್ಲಿತ್ತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ಕೋರ್ಟು ನನ್ನನ್ನು ಕಮಿಷನರ್ ಆಗಿ ನೇಮಿಸಿತ್ತು. ಮಾಲೀಕರ ವಕೀಲರ ಪ್ರಶ್ನೆಗಳು, ಗುತ್ತಿಗೆದಾರರ ವಕೀಲರ ಪ್ರಶ್ನೆಗಳು ಎರಡೂ ಕೈಯಲ್ಲಿದ್ದವು. ಇಂಥ ವರದಿ ಮುಂದಿನ ನಿಯಮದಂತೆ ಸಾಕ್ಷ್ಯವಾಗುತ್ತದೆ, ಬರೆದವನನ್ನು ಕಟಕಟೆಗೆ ಕರೆದು ಪ್ರಶ್ನಿಸಲೂಬಹುದು. ಹಾಗಾಗಿ ಬರೆಯುವ ಪ್ರತಿ ವಾಕ್ಯಕ್ಕೂ "ಇದು ನಿಮಗೆ ಹೇಗೆ ಗೊತ್ತಾಯಿತು?" ಎಂಬ ಪ್ರಶ್ನೆಯನ್ನು ನಾನೇ ಮೊದಲು ಕೇಳಿಕೊಳ್ಳುತ್ತೇನೆ. ಮನೆಯವರ ಗುರುತು ಸಿಗುವ ವಿವರಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಕೆಲಸ ಇಷ್ಟು. ತಾರಸಿ 100 ಚದರ ಮೀಟರ್, ಅಂದರೆ ಸುಮಾರು 1,076 ಚದರ ಅಡಿ. ಅದಕ್ಕೆ ಪಾಲಿಯುರೆಥೇನ್ ಕೋಟಿಂಗ್, ಒಣಗಿದ ಮೇಲೆ 1.5 ಮಿಲಿಮೀಟರ್ ದಪ್ಪ ಇರಬೇಕು, ಐದು ವರ್ಷ ಗ್ಯಾರಂಟಿ ಎಂದು ಕೊಟೇಶನ್‌ನಲ್ಲಿ ಬರೆದಿತ್ತು. ಮಾರ್ಚಿನಲ್ಲಿ ಕೆಲಸ ಮುಗಿಯಿತು. ಮೇ ತಿಂಗಳಲ್ಲಿ ಬೇರೊಬ್ಬರು ಬಂದು ಸೋಲಾರ್ ವಾಟರ್ ಹೀಟರ್ ಕೂರಿಸಿದರು. ಆಗಸ್ಟ್ ಮಳೆಗೆ ಮಲಗುವ ಕೋಣೆಯ ಚಾವಣಿಯಲ್ಲೂ ಹಾಲ್‌ನ ಗೋಡೆಯಲ್ಲೂ ತೇವ ಕಾಣಿಸಿಕೊಂಡಿತು. ಬಾಕಿ ಹಣ ನಿಂತಿತು, ಮಾತು ನಿಂತಿತು, ನೋಟಿಸು ಶುರುವಾಯಿತು.

ನಾನು ಪರೀಕ್ಷೆಗೆ ಜನವರಿಯನ್ನೇ ಕೇಳಿ ತೆಗೆದುಕೊಂಡೆ. ಬೆಂಗಳೂರಿನಲ್ಲಿ ಜನವರಿ, ಫೆಬ್ರವರಿಯಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆಗ ತಾರಸಿಯ ಮೇಲೆ ಇರುವ ನೀರು ನಾವು ಸುರಿದ ನೀರು ಮಾತ್ರ. ಸೆಪ್ಟೆಂಬರಿನಲ್ಲಿ ಹೋಗಿ ಒದ್ದೆ ಗೋಡೆಯ ಫೋಟೊ ತೆಗೆದು ಬಂದರೆ ಗೋಡೆ ಒದ್ದೆ ಎಂದಷ್ಟೇ ಹೇಳಬಹುದು. ನೀರು ಎಲ್ಲಿಂದ ಬಂತು ಎಂದು ಹೇಳಲಾಗದು. ಕಾಂಕ್ರೀಟಿನೊಳಗೆ ಹೊಕ್ಕ ನೀರು ಕಂಬಿಯ ಗುಂಟ, ಕರೆಂಟ್ ಪೈಪಿನ ಗುಂಟ ಹರಿದು, ಹೊಕ್ಕ ಜಾಗದಿಂದ ಐದಾರು ಅಡಿ ಆಚೆಗೂ ತೊಟ್ಟಿಕ್ಕುತ್ತದೆ.

ಮೊದಲ ದಿನ ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ಕೆಳಗಿನ ಕೋಣೆಗಳಲ್ಲಿ ಕಲೆಗಳ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದೆ. ಒಂದೊಂದು ಅಡಿಗೆ ತೇವಾಂಶದ ಮೀಟರ್ ಇಟ್ಟು ಅಂಕಿ ಗುರುತಿಸಿದೆ. ಈ ಮೀಟರಿನ ಬಗ್ಗೆ ಒಂದು ಮಾತು. ಎರಡು ಮುಳ್ಳಿನ ಈ ಉಪಕರಣ ಸಾಮಾನ್ಯವಾಗಿ ಮರಕ್ಕೆ ಹೊಂದಿಸಿದ್ದು. ಗಾರೆಯಲ್ಲಿ ಉಪ್ಪು ಇದ್ದರೆ ಒಣ ಗೋಡೆಯಲ್ಲೂ ದೊಡ್ಡ ಅಂಕಿ ತೋರಿಸುತ್ತದೆ. ಹಾಗಾಗಿ "ಗೋಡೆಯಲ್ಲಿ ಶೇಕಡಾ 28 ತೇವ" ಎಂದು ಯಾರಾದರೂ ವರದಿ ಬರೆದರೆ ನಾನು ನಂಬುವುದಿಲ್ಲ. ಅದೇ ಜಾಗದಲ್ಲಿ ನಿನ್ನೆಗಿಂತ ಇಂದು ಅಂಕಿ ಏರಿತೇ ಎಂಬುದಕ್ಕೆ ಮಾತ್ರ ಬೆಲೆ.

ಎರಡನೇ ದಿನ ಪೈಪುಗಳ ಸರದಿ. ಓವರ್‌ಹೆಡ್ ಟ್ಯಾಂಕಿನಿಂದ ಕೆಳಗೆ ಹೋಗುವ ನಲ್ಲಿಗಳನ್ನೆಲ್ಲ ಮುಚ್ಚಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಟ್ಟೆವು. ಮಟ್ಟ ಇಳಿಯಲಿಲ್ಲ. ಸೋಲಾರಿನ ಬಿಸಿನೀರಿನ ಲೈನೂ ಸರಿ ಇತ್ತು. ಇದನ್ನು ಬಿಟ್ಟು ಮುಂದೆ ಹೋದ ವರದಿಗಳನ್ನು ನೋಡಿದ್ದೇನೆ. ಕಟಕಟೆಯಲ್ಲಿ "ಪೈಪ್ ಒಡೆದಿರಲಿಲ್ಲ ಎಂದು ಹೇಗೆ ಹೇಳುತ್ತೀರಿ?" ಎಂಬ ಒಂದೇ ಪ್ರಶ್ನೆಗೆ ಅವು ಬಿದ್ದುಹೋಗುತ್ತವೆ.

ಮೂರನೇ ದಿನದಿಂದ ನೀರು ನಿಲ್ಲಿಸುವ ಪರೀಕ್ಷೆ. ಇಡೀ ತಾರಸಿಗೆ ಒಂದೇ ಸಲ ನೀರು ಕಟ್ಟುವುದು ನಮ್ಮಲ್ಲಿ ರೂಢಿ. ಮೇಸ್ತ್ರಿಗೆ ಅದು ಸಾಕು, ಏಕೆಂದರೆ ಸೋರುತ್ತದೋ ಇಲ್ಲವೋ ಎಂಬುದಷ್ಟೇ ಅವನಿಗೆ ಬೇಕು. ವ್ಯಾಜ್ಯಕ್ಕೆ ಅದು ಸಾಲದು. ನಾವು ಗಾರೆಯ ಸಣ್ಣ ಕಟ್ಟೆ ಹಾಕಿ ತಾರಸಿಯನ್ನು ಮೂರು ಭಾಗ ಮಾಡಿದೆವು: ಯಾವ ತೂತೂ ಪೈಪೂ ಇಲ್ಲದ ನಡುಭಾಗ, ಮಳೆನೀರಿನ ಪೈಪಿನ ಬಾಯಿ ಇರುವ ಪ್ಯಾರಾಪೆಟ್ ಪಕ್ಕದ ಭಾಗ, ಸೋಲಾರ್ ಸ್ಟ್ಯಾಂಡ್ ಇರುವ ಭಾಗ. ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ನೀರು. ಬೇಗ ಸೋರಬಹುದು ಎನಿಸಿದ ಭಾಗವನ್ನು ಕೊನೆಗಿಟ್ಟುಕೊಂಡೆ. ಮೊದಲೇ ಅದಕ್ಕೆ ನೀರು ಕಟ್ಟಿದ್ದರೆ ಸ್ಲ್ಯಾಬ್ ನೆನೆದು ಉಳಿದೆರಡರ ಫಲಿತಾಂಶ ಕೆಡುತ್ತಿತ್ತು.

ನೀರಿನ ಆಳ 50 ಮಿಲಿಮೀಟರ್. ಅಷ್ಟು ನೀರು ಚದರ ಮೀಟರಿಗೆ 50 ಕಿಲೊ ತೂಗುತ್ತದೆ. ಓಡಾಡುವ ಆರ್‌ಸಿಸಿ ತಾರಸಿಯನ್ನು ಇದರ ಮೂರು ಪಟ್ಟು ಭಾರಕ್ಕೆ ಲೆಕ್ಕ ಹಾಕಿರುತ್ತಾರೆ, ಆದ್ದರಿಂದ ಇಲ್ಲಿ ಭಯವಿರಲಿಲ್ಲ. ಹಲಸೂರು, ಶಿವಾಜಿನಗರದ ಹಳೆಯ ಮನೆಗಳಲ್ಲಿ, ಮರದ ತೊಲೆಗಳ ಮೇಲೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಮದ್ರಾಸ್ ಟೆರೇಸ್ ಇರುವಲ್ಲಿ ನಾನು ಈ ಪರೀಕ್ಷೆ ಮಾಡುವುದೇ ಇಲ್ಲ. ಅಲ್ಲಿ ಪೈಪಿನಿಂದ ಸ್ವಲ್ಪ ಸ್ವಲ್ಪವೇ ನೀರು ಹಾಯಿಸಿ ಕಾಯಬೇಕು.

ನೀರಿನ ಪಕ್ಕದಲ್ಲೇ ಬಿಸಿಲಿನಲ್ಲಿ ಒಂದು ಅಗಲದ ಬೇಸಿನ್‌ನಲ್ಲಿ ನೀರಿಟ್ಟು, ಅದಕ್ಕೂ ಗುರುತು ಹಾಕಿದ್ದೆ. ಗುತ್ತಿಗೆದಾರರು ಏಕೆಂದು ಕೇಳಿದರು. ಮಾರನೆಯ ದಿನ ತಾರಸಿಯ ನೀರು ಕೆಲವು ಮಿಲಿಮೀಟರ್ ಇಳಿದಿತ್ತು, ಮಾಲೀಕರು "ನೋಡಿ, ಕುಡಿದುಬಿಟ್ಟಿದೆ" ಎಂದರು. ಬೇಸಿನ್ ತೋರಿಸಿದೆ. ಅದರಲ್ಲೂ ಅಷ್ಟೇ ಇಳಿದಿತ್ತು. ಅದು ಬಿಸಿಲಿಗೆ ಆವಿಯಾದ ನೀರು. ಇಬ್ಬರೂ ಬಗ್ಗಿ ಗೆರೆ ನೋಡಿ, ಅಳತೆಯ ಪುಸ್ತಕದಲ್ಲಿ ಸಹಿ ಹಾಕಿದರು.

ನಡುಭಾಗದಲ್ಲಿ 48 ಗಂಟೆ ನೀರು ನಿಂತರೂ ಕೆಳಗೆ ಒಂದು ಅಂಕಿಯೂ ಏರಲಿಲ್ಲ. ಪ್ಯಾರಾಪೆಟ್ ಪಕ್ಕದ ಭಾಗದಲ್ಲಿ 30 ಗಂಟೆಯ ಹೊತ್ತಿಗೆ ಹಾಲ್‌ನ ಗೋಡೆಯ ತೇವ ಪೆನ್ಸಿಲ್ ಗೆರೆ ದಾಟಿತು, ನಂತರ ಬಣ್ಣವೂ ಇಳಿಯಿತು. ಪೈಪಿನ ಬಾಯಿ ಬಿಚ್ಚಿ ನೋಡಿದರೆ ಕೋಟಿಂಗ್ ಪೈಪಿನೊಳಕ್ಕೆ ತಿರುಗದೆ ಎರಡು ಬೆರಳು ಈಚೆಗೇ ನಿಂತಿತ್ತು. ಒಂದು ದಿನ ಒಣಗಲು ಬಿಟ್ಟು ಸೋಲಾರ್ ಭಾಗಕ್ಕೆ ನೀರು ಕಟ್ಟಿದೆವು. ಒಂಬತ್ತೇ ಗಂಟೆಯಲ್ಲಿ ಮಲಗುವ ಕೋಣೆಯ ಚಾವಣಿಯಲ್ಲಿ ಬಣ್ಣದ ಹನಿ ಮೂಡಿತು.

ಸೋಲಾರ್ ಸ್ಟ್ಯಾಂಡಿನ ಪಾದದ ತಗಡು ಎತ್ತಿಸಿದಾಗ ಅಡಿಯಲ್ಲಿ ಕೋಟಿಂಗ್ ಎಲ್ಲೂ ಕಡಿಯದೆ ಹಬ್ಬಿತ್ತು. ಬೋಲ್ಟಿನ ಸುತ್ತ ಅದರ ಅಂಚು ಮೇಲಕ್ಕೆ ಸಿಗಿದು, ಡ್ರಿಲ್ಲಿನ ಕಾಂಕ್ರೀಟ್ ಪುಡಿ ಕೋಟಿಂಗ್‌ನ ಮೇಲೆ ಅಂಟಿತ್ತು. ಬೋಲ್ಟಿನ ಮೈಮೇಲೆ ಕೋಟಿಂಗ್‌ನ ಒಂದು ಚುಕ್ಕೆಯೂ ಇರಲಿಲ್ಲ. ಕೋಟಿಂಗ್ ಮೊದಲು, ತೂತು ಆಮೇಲೆ ಎಂಬುದಕ್ಕೆ ಬಿಲ್ಲಿನ ತಾರೀಖಿಗಿಂತ ಗಟ್ಟಿಯಾದ ಸಾಕ್ಷಿ ಅದು.

ಕತ್ತರಿಸುವ ಕೆಲಸ ಕೊನೆಯ ದಿನಕ್ಕೆ. ಇಬ್ಬರ ಎದುರಿನಲ್ಲೇ ಒಂಬತ್ತು ಜಾಗ ಗುರುತಿಸಿ, ಒಂದೊಂದು ಕಡೆ ಎರಡು ಅಂಗುಲದ ಚೌಕ ಕತ್ತರಿಸಿ ದಪ್ಪ ಅಳೆದೆ. ಕಡಿಮೆಯೆಂದರೆ 0.4, ಹೆಚ್ಚೆಂದರೆ 1.1, ಸರಾಸರಿ 0.7 ಮಿಲಿಮೀಟರ್. ಇದಕ್ಕೆ ತಾಳೆ ನೋಡಲು ಇನ್ನೊಂದು ದಾರಿಯಿತ್ತು. ಗುತ್ತಿಗೆದಾರರೇ ಹಾಜರುಪಡಿಸಿದ ಬಿಲ್ಲಿನಲ್ಲಿ 20 ಕಿಲೊದ ಆರು ಬಕೆಟ್, ಒಟ್ಟು 120 ಕಿಲೊ ಸಾಮಾನು ಇತ್ತು. ತಯಾರಕರ ವಿವರ ಪತ್ರದಂತೆ ಅದರಲ್ಲಿ ಒಣಗಿದ ಮೇಲೆ ಉಳಿಯುವುದು ಶೇ. 90, ಅಂದರೆ 108 ಕಿಲೊ. ಒಣ ಪದರದ ತೂಕ ಲೀಟರಿಗೆ 1.4 ಕಿಲೊ ಎಂದರೆ 77 ಲೀಟರ್. ಅದನ್ನು 100 ಚದರ ಮೀಟರಿಗೆ ಹರಡಿದರೆ 0.77 ಮಿಲಿಮೀಟರ್. 1.5 ಬರಬೇಕಿದ್ದರೆ ಸುಮಾರು ಹನ್ನೆರಡು ಬಕೆಟ್ ಬೇಕಿತ್ತು. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಲೆಕ್ಕ ಹತ್ತಿರ ಹತ್ತಿರ ಬಂದಾಗ ಬರೆಯುವ ಕೈಗೆ ಧೈರ್ಯ ಬರುತ್ತದೆ.

ವರದಿ ಬರೆಯುವಾಗ ಎಡವುವುದು ಇಲ್ಲೇ. ಕೋಟಿಂಗ್ ಅರ್ಧಕ್ಕರ್ಧ ತೆಳು ಎಂದು ಸಿಕ್ಕಿದ ಮೇಲೆ "ಆದ್ದರಿಂದ ಮನೆ ಸೋರಿತು" ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ. ಆದರೆ ಅದೇ ತೆಳು ಕೋಟಿಂಗ್ ನಡುಭಾಗದಲ್ಲಿ ಎರಡು ದಿನ ನೀರು ತಡೆದಿತ್ತಲ್ಲ. ಕಾಸು ಕೊಟ್ಟಷ್ಟು ಸಾಮಾನು ಹಾಕಲಿಲ್ಲ ಎಂಬುದು ಒಂದು ತಪ್ಪು, ಅದು ಕರಾರಿನದು. ಕೋಟಿಂಗ್‌ನ ಆಯುಸ್ಸು ಕಡಿಮೆಯಾಗುತ್ತದೆ ಎಂಬುದೂ ಸರಿ. ಆ ದಿನ ಮಲಗುವ ಕೋಣೆಗೆ ಇಳಿದ ನೀರಿಗೆ ಮಾತ್ರ ಅದು ಕಾರಣವಲ್ಲ. ಕೆಲಸದ ಲೋಪ ಬೇರೆ, ಆದ ಹಾನಿ ಬೇರೆ. ಒಂದರಿಂದ ಇನ್ನೊಂದಕ್ಕೆ ದಾರಿ ಇದೆಯೇ ಎಂದು ಪ್ರತಿ ಕಲೆಗೂ ಪ್ರತ್ಯೇಕವಾಗಿ ತೋರಿಸಬೇಕು.

ಮಾಲೀಕರ ವಕೀಲರಿಗೆ ವರದಿಯಲ್ಲಿ "ಮೋಸ" ಎಂಬ ಪದ ಬೇಕಿತ್ತು. ನಾನು ಬರೆಯಲಿಲ್ಲ. ದಪ್ಪವನ್ನು ಅಳೆಯಬಹುದು, ಮನಸ್ಸನ್ನು ಅಳೆಯಲಾಗದು. ಡ್ರಿಲ್ ಹೊಡೆಯಲು ಯಾರು ಹೇಳಿದರು, ಹೇಳುವ ಮೊದಲು ಗುತ್ತಿಗೆದಾರರು ಎಚ್ಚರಿಸಿದ್ದರೇ ಎಂಬುದೂ ಕೋರ್ಟು ಸಾಕ್ಷಿ ಕೇಳಿ ತೀರ್ಮಾನಿಸುವ ವಿಷಯ. 1999ರಲ್ಲಿ ಹಿಮಾಚಲ ಪ್ರದೇಶದ ಸೇಬು ಬೆಳೆಗಾರರ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಪರಿಣತರ ಕರ್ತವ್ಯವನ್ನು ಸ್ಪಷ್ಟವಾಗಿ ಹೇಳಿದೆ: ತೀರ್ಮಾನ ಕೊಟ್ಟರೆ ಸಾಲದು, ಆ ತೀರ್ಮಾನ ಸರಿಯೇ ಎಂದು ನ್ಯಾಯಾಧೀಶರು ತಾವೇ ಪರೀಕ್ಷಿಸಲು ಬೇಕಾದ ವೈಜ್ಞಾನಿಕ ಆಧಾರವನ್ನೂ ಕೊಡಬೇಕು. ಅದಕ್ಕಾಗಿಯೇ ನಾನು ಬೇಸಿನ್‌ನ ಗೆರೆಯ ಫೋಟೊವನ್ನೂ ವರದಿಗೆ ಲಗತ್ತಿಸುವುದು.

ಕೊನೆಗೆ ಬರೆದದ್ದು ಮೂರೇ ಉತ್ತರ. ಕೋಟಿಂಗ್‌ನ ದಪ್ಪ ಒಪ್ಪಿದ್ದರ ಅರ್ಧದಷ್ಟಿದೆ. ಹಾಲ್‌ನ ತೇವಕ್ಕೆ ಕಾರಣ ಪೈಪಿನ ಬಾಯಿಯಲ್ಲಿ ಕೋಟಿಂಗ್ ನಿಲ್ಲಿಸಿದ್ದು. ಮಲಗುವ ಕೋಣೆಯ ತೇವಕ್ಕೆ ಕಾರಣ ಆಮೇಲೆ ಹೊಡೆದ ಬೋಲ್ಟುಗಳು. ಎರಡೂ ಕಡೆಯವರು ಆಕ್ಷೇಪಣೆ ಸಲ್ಲಿಸಿದರು, ನನ್ನನ್ನು ಕಟಕಟೆಯಲ್ಲಿ ಒಂದು ಮಧ್ಯಾಹ್ನ ಪೂರ್ತಿ ಪ್ರಶ್ನಿಸಿದರು. ಆದರೆ ಅಳತೆಯ ಪುಸ್ತಕದಲ್ಲಿ ಅವರವರದೇ ಸಹಿ ಇತ್ತು.

ನಿಮ್ಮ ತಾರಸಿ ಸೋರುತ್ತಿದ್ದು ಜಗಳ ಕೋರ್ಟಿಗೆ ಹೋಗುವ ಹಾಗಿದ್ದರೆ, ಅದರ ಮೇಲೆ ಇನ್ನೊಂದು ಕೋಟಿಂಗ್ ಬಳಿಸಬೇಡಿ. ಕೋಣೆ ಉಳಿಸಿಕೊಳ್ಳಲು ಟಾರ್ಪಾಲು ಹೊದಿಸಿ, ಖಾಲಿ ಬಕೆಟ್‌ಗಳನ್ನು ಗುಜರಿಗೆ ಹಾಕದೆ ಲೇಬಲ್ ಸಮೇತ ಎತ್ತಿಡಿ, ಎದುರು ಪಕ್ಷಕ್ಕೆ ಬರವಣಿಗೆಯಲ್ಲಿ ತಿಳಿಸಿ ಅವರ ಎದುರಿನಲ್ಲೇ ಪರೀಕ್ಷೆ ಮಾಡಿಸಿ.